‘ನಾಳೆ ನೀರು ಇರಲ್ಲ’ ಎಂದರೆ ಸಾಲದು

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಮಾಲೀಕರಿಂದ ಬರುವ ನೀರಿನ ಸೂಚನೆ ಹೆಚ್ಚಾಗಿ ಒಂದೇ ಸಾಲಿನದು: ‘ನಾಳೆ ಟ್ಯಾಂಕ್ ಕ್ಲೀನಿಂಗ್, ನೀರು ಇರಲ್ಲ.’ ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹಿಡಿದಿಟ್ಟುಕೊಳ್ಳಬೇಕು, ಒಂದೂ ತಿಳಿಯುವುದಿಲ್ಲ. ಕೂಸು ಇರುವ ಮನೆಯವರು, ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರು ಇದರಿಂದ ಪಡುವ ಪಾಡು ಸಣ್ಣದಲ್ಲ. ಮಾಲೀಕರು ಕೆಲಸವನ್ನು ಮೊದಲೇ ಲೆಕ್ಕ ಹಾಕಿಕೊಂಡರೆ ಈ ಪಾಡು ಬಹುಪಾಲು ತಪ್ಪುತ್ತದೆ.

ಒಂದು ಕಟ್ಟಡ ತೆಗೆದುಕೊಳ್ಳೋಣ. ಮೂರು ಮಹಡಿ, ಆರು ಮನೆ. ನೆಲದಡಿ ಒಂದು ಸಂಪು, ತಾರಸಿಯ ಮೇಲೆ ಸಾವಿರ ಲೀಟರಿನ ಎರಡು ಟ್ಯಾಂಕು. ಕಾವೇರಿ ನೀರು ಬರುವುದು ಭಾನುವಾರ ಸಂಜೆ ನಾಲ್ಕಕ್ಕೆ. ಕೆಲಸದ ದಿನವನ್ನು ಗೊತ್ತುಮಾಡುವುದೇ ಈ ನಾಲ್ಕು ಗಂಟೆ. ಕಾವೇರಿ ಬಂದ ಮಾರನೆಯ ದಿನ ತೊಳೆಯಲು ಹೊರಟರೆ ತುಂಬಿದ ಸಂಪನ್ನು ಚರಂಡಿಗೆ ಸುರಿಯಬೇಕು. ಭಾನುವಾರ ಬೆಳಿಗ್ಗೆಯ ಹೊತ್ತಿಗೆ ಸಂಪು ತಳ ಕಂಡಿರುತ್ತದೆ, ಸಂಜೆಗೆ ಹೊಸ ನೀರೂ ಬರುತ್ತದೆ.

ತೊಳೆಯುವುದಕ್ಕೂ ಒಂದು ಕ್ರಮವಿದೆ. ಮೊದಲು ಸಂಪು, ಆಮೇಲೆ ಮೇಲಿನ ಟ್ಯಾಂಕು. ಮೇಲಿನದನ್ನು ಮೊದಲು ತೊಳೆದರೆ ಸಂಪಿನ ಕೆಸರು ಮೋಟಾರಿನ ಜೊತೆ ಮತ್ತೆ ಮೇಲಕ್ಕೇ ಏರುತ್ತದೆ. ಬೆಳಿಗ್ಗೆ ಏಳಕ್ಕೆ ಸಂಪಿನಲ್ಲಿ ಉಳಿದ ನೀರನ್ನು ತಾರಸಿಗೆ ಏರಿಸಿ, ಕೊನೆಗೆ ತೊಳೆಯಲು ಎರಡು ಡ್ರಮ್ ಎತ್ತಿಟ್ಟುಕೊಂಡು, ಮೋಟಾರಿನ ಮೇನ್ ಸ್ವಿಚ್ ಆರಿಸಬೇಕು. ಸಂಪಿನ ಮುಚ್ಚಳ ತೆಗೆದು ಸಾಕಷ್ಟು ಹೊತ್ತು ಗಾಳಿ ಆಡಲು ಬಿಟ್ಟ ಮೇಲೆಯೇ ಆಳು ಇಳಿಯಬೇಕು, ಮೇಲೆ ಇನ್ನೊಬ್ಬರು ಕಾಯುತ್ತ ನಿಂತಿರಲೇಬೇಕು. ಮುಚ್ಚಿದ ಸಂಪಿನಲ್ಲಿ ಉಸಿರುಕಟ್ಟಿ ಜೀವ ಹೋಗುತ್ತದೆ. ಕೆಸರು ತೆಗೆದು, ಗೋಡೆ ಉಜ್ಜಿ, ಬ್ಲೀಚಿಂಗ್ ಪುಡಿ ಕರಗಿಸಿದ ನೀರು ಬಳಿದು, ಅರ್ಧ ಗಂಟೆ ಬಿಟ್ಟು ತೊಳೆದರೆ ಮಧ್ಯಾಹ್ನ ಹನ್ನೆರಡು. ಅಲ್ಲಿಯವರೆಗೂ ಮನೆಗಳಿಗೆ ಮೇಲಿನ ಟ್ಯಾಂಕಿನಿಂದ ನೀರು ಹೋಗುತ್ತಲೇ ಇರುತ್ತದೆ. ಒಂದು ಗಂಟೆಗೆ ತಾರಸಿಯ ಕೆಲಸ ಶುರುವಾದಾಗ ಮಾತ್ರ ನಲ್ಲಿ ನಿಲ್ಲುತ್ತದೆ. ಸಂಜೆ ನಾಲ್ಕಕ್ಕೆ ಕಾವೇರಿ, ಆರಕ್ಕೆ ಮೋಟಾರು, ಏಳರ ಹೊತ್ತಿಗೆ ನಲ್ಲಿಯಲ್ಲಿ ನೀರು. ಇಡೀ ದಿನದ ತೊಂದರೆ ಆರು ಗಂಟೆಗೆ ಇಳಿಯಿತು.

ಇಷ್ಟು ಲೆಕ್ಕವಾದ ಮೇಲೆ ಸೂಚನೆ ತಾನಾಗಿಯೇ ಮೂಡುತ್ತದೆ:

‘ಬಾಡಿಗೆದಾರರ ಗಮನಕ್ಕೆ. ಮಾರ್ಚ್ 15, ಭಾನುವಾರ ಸಂಪು ಮತ್ತು ಮೇಲಿನ ಟ್ಯಾಂಕು ತೊಳೆಸುತ್ತಿದ್ದೇವೆ. ಮಧ್ಯಾಹ್ನ 1ರಿಂದ ಸಂಜೆ 7ರವರೆಗೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಅಡುಗೆಗೆ ಒಂದು ಕೊಡ, ಶೌಚಾಲಯಕ್ಕೆ ಮೂರು ಬಕೆಟ್ ಹಿಡಿದಿಟ್ಟುಕೊಳ್ಳಿ. ಬೆಳಿಗ್ಗೆ ಸಂಪಿನಿಂದ ನೀರು ಏರುವುದಿಲ್ಲವಾದ್ದರಿಂದ ವಾಷಿಂಗ್ ಮೆಷಿನ್ ಹಾಕಬೇಡಿ. ಮನೆಯಿಂದ ಹೊರಡುವಾಗ ನಲ್ಲಿಗಳನ್ನು ಮುಚ್ಚಿ, ಗೀಸರ್ ಆರಿಸಿ. ಕಾವೇರಿ ಬಾರದಿದ್ದರೆ ರಾತ್ರಿ 8ಕ್ಕೆ ಟ್ಯಾಂಕರ್ ತರಿಸುತ್ತೇವೆ. ಅಂದು ಮನೆಯಲ್ಲಿ ಕಾಯಿಲೆಯವರಿದ್ದರೆ, ಸಮಾರಂಭವಿದ್ದರೆ ಗುರುವಾರದೊಳಗೆ ಹೇಳಿ, ದಿನ ಬದಲಿಸೋಣ.’

ಇದನ್ನು ಒಂದು ವಾರ ಮೊದಲು ಕಳಿಸಿ, ಹಿಂದಿನ ಸಂಜೆ ಮತ್ತೊಮ್ಮೆ ನೆನಪಿಸಬೇಕು. ವಾಟ್ಸ್‌ಆ್ಯಪ್ ನೋಡದ ಹಿರಿಯರಿಗಾಗಿ ಮೆಟ್ಟಿಲ ಬಳಿ ಮೀಟರ್ ಬೋರ್ಡಿನ ಪಕ್ಕ ಒಂದು ಕಾಗದ ಅಂಟಿಸಿದರೆ ಒಳ್ಳೆಯದು. ನಲ್ಲಿ ಮುಚ್ಚಿ ಎಂಬ ಮಾತು ಅತಿಯಾಯಿತು ಎನಿಸಬಹುದು. ಆದರೆ ನೀರಿಲ್ಲವೆಂದು ತಿರುಗಿಸಿ ಹಾಗೆಯೇ ಬಿಟ್ಟುಹೋದ ನಲ್ಲಿ ಸಂಜೆ ಸುರಿಯತೊಡಗಿ, ಬೀಗ ಹಾಕಿದ ಮನೆ ತುಂಬಿ ಕೆಳಮನೆಯ ಸೀಲಿಂಗ್ ಸೋರುವುದು ಇಂಥ ದಿನಗಳಲ್ಲೇ.

ಪ್ಲಂಬಿಂಗ್ ಕೆಲಸವಾದರೆ ಅವಧಿ ಹೇಳುವಾಗ ಇನ್ನಷ್ಟು ಎಚ್ಚರ ಬೇಕು. ಸೋರುವ ಗೇಟ್ ವಾಲ್ವ್ ಬದಲಿಸಲು ಒಂದು ಗಂಟೆ ಸಾಕು ಎಂದು ಪ್ಲಂಬರ್ ಹೇಳುತ್ತಾರೆ, ಆ ಮಾತು ನಿಜವೂ ಹೌದು. ಆದರೆ ಪ್ಲಾಸ್ಟಿಕ್ ಪೈಪಿನ ಜೋಡಣೆಗೆ ಹಚ್ಚಿದ ಸಾಲ್ವೆಂಟ್ ಗಟ್ಟಿಯಾಗದೆ ನೀರು ಬಿಟ್ಟರೆ ಒತ್ತಡಕ್ಕೆ ಅದು ಬಿಟ್ಟುಕೊಳ್ಳುತ್ತದೆ. ಆ ಕಾಯುವ ಗಂಟೆಗಳನ್ನೂ ಸೇರಿಸಿಯೇ ಸಮಯ ಬರೆಯಬೇಕು. ರಿಪೇರಿಗೆ ಬಾಡಿಗೆದಾರರ ಮನೆಯೊಳಗೇ ಹೋಗಬೇಕಿದ್ದರೆ ಪ್ರತ್ಯೇಕವಾಗಿ ತಿಳಿಸಬೇಕು. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ಇದಕ್ಕೆ ಕನಿಷ್ಠ 24 ಗಂಟೆಗಳ ಮುನ್ಸೂಚನೆ ಕೇಳುತ್ತದೆ. ರಾಜ್ಯಗಳು ತಾವಾಗಿ ಅಳವಡಿಸಿಕೊಂಡರಷ್ಟೇ ಅದು ಜಾರಿಗೆ ಬರುವಂಥದ್ದು. ಆದರೂ ಆ 24 ಗಂಟೆ ಎಲ್ಲಿಯಾದರೂ ಪಾಲಿಸತಕ್ಕ ಅಳತೆ ಎಂದೇ ನನ್ನ ಅಭಿಪ್ರಾಯ.

ಸಂಜೆ ನೀರು ಬಿಟ್ಟ ಮೇಲೂ ಒಂದು ಸಂದೇಶ ಬೇಕು. ಮೊದಲು ಬರುವ ನೀರು ಗಾಳಿ ಸೇರಿ ಬುಸ್ ಬುಸ್ ಎನ್ನುತ್ತದೆ, ಕೆಂಪಗಿರಬಹುದು, ಬ್ಲೀಚಿಂಗ್ ವಾಸನೆಯೂ ಇರಬಹುದು. ಅದನ್ನು ಬಚ್ಚಲಿನ ನಲ್ಲಿಯಿಂದ ಬಕೆಟ್ಟಿಗೆ ಹಿಡಿದು ಶೌಚಾಲಯಕ್ಕೋ ನೆಲ ತೊಳೆಯಲೋ ಬಳಸಬಹುದು. ನೀರು ತಿಳಿಯಾಗಿ ವಾಸನೆ ಹೋಗುವವರೆಗೆ ಅಡುಗೆಮನೆಯ ಫಿಲ್ಟರಿಗೆ ಹೋಗುವ ವಾಲ್ವ್ ಮುಚ್ಚಿಯೇ ಇರಲಿ. ಅರ್ಧ ಗಂಟೆಯಾದರೂ ಬಣ್ಣ ಹೋಗದಿದ್ದರೆ ಆ ರಾತ್ರಿಯೇ ಮಾಲೀಕರಿಗೆ ತಿಳಿಸಬೇಕು.