ಗೋದಾಮಿಗೆ ಬಾಗಿಲು ಎಲ್ಲಿಡಬೇಕು?

100 ಮೀಟರ್ ಉದ್ದದ ಗೋದಾಮೊಂದನ್ನು ಊಹಿಸಿಕೊಳ್ಳಿ. ಲಾರಿಗಳಿಂದ ಸರಕು ಇಳಿಸುವ ಬಾಗಿಲು ಒಂದು ತುದಿಯಲ್ಲಿ, ಹೊರಗೆ ಕಳಿಸುವ ಬಾಗಿಲು ಇನ್ನೊಂದು ತುದಿಯಲ್ಲಿ ಇದ್ದರೆ ಅದು ನೇರ ಹರಿವಿನ ವಿನ್ಯಾಸ. ಇಲ್ಲಿ ಸರಕನ್ನು ಯಾವ ರ‍್ಯಾಕಿನಲ್ಲಿಟ್ಟರೂ ಅದು ಒಟ್ಟು 100 ಮೀಟರ್ ಸಾಗಲೇಬೇಕು.

ಎರಡೂ ಬಾಗಿಲು ಒಂದೇ ಗೋಡೆಯಲ್ಲಿದ್ದರೆ ಅದು ಯು ಹರಿವು. ಬಾಗಿಲಿನಿಂದ 10 ಮೀಟರ್ ಒಳಗಿಟ್ಟ ಸರಕು ಹೋಗಿ ಬರಲು 20 ಮೀಟರ್ ಸಾಕು. 90 ಮೀಟರ್ ಒಳಗಿಟ್ಟದ್ದಕ್ಕೆ 180 ಬೇಕು. ಎಲ್ಲ ಸರಕೂ ಸಮನಾಗಿ ಓಡಾಡಿದರೆ ಸರಾಸರಿ ಮತ್ತೆ 100 ಮೀಟರೇ, ಲಾಭವಿಲ್ಲ. ಆದರೆ ಓಡಾಟದ ಶೇ. 80ರಷ್ಟು ಮುಂದಿನ 20 ಮೀಟರಿನಲ್ಲೇ ನಡೆಯುವಂತೆ, ಬೇಗ ಖರ್ಚಾಗುವ ಸರಕನ್ನು ಅಲ್ಲಿಟ್ಟರೆ ಸರಾಸರಿ 40 ಮೀಟರಿಗೆ ಇಳಿಯುತ್ತದೆ. ಸರಕು ಇಟ್ಟ ಫೋರ್ಕ್‌ಲಿಫ್ಟ್ ಖಾಲಿ ಮರಳದೆ ಇನ್ನೊಂದನ್ನು ಹೊತ್ತು ಬರಲೂಬಹುದು.

ಯು ಹರಿವಿನ ತೊಂದರೆ ಇರುವುದು ಬಾಗಿಲ ಬಳಿ. ಇಳಿಸುವ, ತುಂಬಿಸುವ ಲಾರಿಗಳು ಒಂದೇ ಹೊತ್ತಿಗೆ ಬಂದರೆ ಅಂಗಳ ಕಟ್ಟಿಕೊಳ್ಳುತ್ತದೆ; ಬಂದ ಸರಕು, ಹೋಗುವ ಸರಕು ಬೆರೆಯುತ್ತವೆ. ಬೆಳಿಗ್ಗೆ ಇಳಿಸಿ, ಮಧ್ಯಾಹ್ನ ತುಂಬಿಸುವ ವೇಳಾಪಟ್ಟಿ ಇದ್ದರೆ ಇದು ತಪ್ಪುತ್ತದೆ. ದಿನವಿಡೀ ಎರಡೂ ನಡೆಯಬೇಕಾದಲ್ಲಿ, ಅಥವಾ ಬಂದ ಸರಕು ರ‍್ಯಾಕಿಗೇರದೆ ಕೂಡಲೇ ಇನ್ನೊಂದು ಲಾರಿ ಹತ್ತುವಲ್ಲಿ, ಅಗಲ ಕಡಿಮೆಯ ಕಟ್ಟಡದ ಎದುರುಬದುರು ಗೋಡೆಗಳಲ್ಲಿ ಬಾಗಿಲಿಡುವುದೇ ಸರಿ. ಆದರೆ ಅದಕ್ಕೆ ಎರಡೂ ಬದಿಯಲ್ಲಿ ಲಾರಿ ತಿರುಗುವಷ್ಟು ಜಾಗ ಬೇಕು.