919ರಿಂದ ಶುರುವಾಗುವ ನಂಬರ್ ಯಾವ ದೇಶದ್ದು?

ಗ್ರಾಹಕ ಸೇವಾ ಕೇಂದ್ರದ ಸಿಬ್ಬಂದಿಯೊಬ್ಬರ ಪರದೆಯ ಮೇಲೆ 91955501XX ಎಂಬ ನಂಬರ್ ಇದೆ ಎಂದುಕೊಳ್ಳಿ. ಗ್ರಾಹಕರಿಗೆ ವಾಪಸ್ ಕರೆ ಮಾಡಬೇಕು. 91 ಕಂಡ ಕೂಡಲೇ ಅದು ಭಾರತದ ಕೋಡ್ ಎನ್ನಿಸುತ್ತದೆ. ಆದರೆ ಅಂಕಿಗಳನ್ನು ಎಣಿಸಿದರೆ ಒಟ್ಟು 10 ಮಾತ್ರ. 91 ತೆಗೆದರೆ 8 ಉಳಿಯುತ್ತವೆ. ಭಾರತದ ಮೊಬೈಲಿಗೆ ಕೋಡ್ ಬಿಟ್ಟು 10 ಅಂಕಿ ಬೇಕು. ಎಸ್‌ಟಿಡಿ ಕೋಡ್ ಸೇರಿಸಿದರೆ ಲ್ಯಾಂಡ್‌ಲೈನಿಗೂ ಅಷ್ಟೇ. ಹಾಗಾಗಿ ಇದು ಭಾರತದ ನಂಬರೇ ಆಗಿದ್ದರೂ ಇಲ್ಲಿನ 91 ದೇಶದ ಕೋಡ್ ಅಲ್ಲ.

ಈಗ ಎರಡು ಸಾಧ್ಯತೆಗಳಿವೆ. ನಮ್ಮ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುವುದರಿಂದ ಇದು ಇಲ್ಲಿನದೇ ಇರಬಹುದು. ಅಮೆರಿಕದ ನಂಬರಿಗೂ 10 ಅಂಕಿಗಳೇ. 919 ಎಂಬುದು ನಾರ್ತ್ ಕ್ಯಾರೊಲೈನಾದ ರಾಲಿ ನಗರದ ಏರಿಯಾ ಕೋಡ್. ತಪ್ಪಾಗಿ ಊಹಿಸಿ ಬೆಂಗಳೂರಿನಿಂದ ಬೆಳಗ್ಗೆ 10ಕ್ಕೆ ಡಯಲ್ ಮಾಡಿದರೆ ಕರೆ ಸಂಬಂಧವೇ ಇಲ್ಲದ ಯಾರಿಗೋ ಹೋಗುತ್ತದೆ. ಸರಿಯಾಗಿ ಊಹಿಸಿ +1 ಸೇರಿಸಿ ಮಾಡಿದರೂ ರಾಲಿಯಲ್ಲಿ ಆಗ ನಡುರಾತ್ರಿಯ ಆಸುಪಾಸು.

ಬರೆದಿರುವ ರೀತಿಯಿಂದ ಸ್ವಲ್ಪ ಸುಳಿವು ಸಿಗುತ್ತದೆ. ಅಮೆರಿಕದವರು (919) 555-01XX ಎಂದು ಮೂರು, ಮೂರು, ನಾಲ್ಕಾಗಿ ಒಡೆಯುತ್ತಾರೆ. ನಮ್ಮಲ್ಲಿ ಐದೈದಾಗಿ ಬಿಡಿಸಿ ಬರೆಯುವುದು ಹೆಚ್ಚು. ಆದರೆ ಆ ಆವರಣ, ಅಡ್ಡಗೆರೆಗಳನ್ನು ಗ್ರಾಹಕರೇ ಹಾಕಿದ್ದರೆ ಮಾತ್ರ ಅದು ಸುಳಿವು. ಬರೀ ಅಂಕಿ ಕೊಟ್ಟರೂ ಅಮೆರಿಕದ ಶೈಲಿಗೆ ಜೋಡಿಸಿಬಿಡುವ ಸಾಫ್ಟ್‌ವೇರ್‌ಗಳಿವೆ. ಆದ್ದರಿಂದ ಗ್ರಾಹಕರು ಮೂಲದಲ್ಲಿ ಬರೆದದ್ದನ್ನೇ ತೆರೆದು ನೋಡಬೇಕು.

ಮುಂದೆ + ಇದ್ದರೆ ಕೆಲಸ ಹಗುರ, ಏಕೆಂದರೆ ಅದರ ಹಿಂದೆಯೇ ದೇಶದ ಕೋಡ್ ಬರುತ್ತದೆ. ಅಲ್ಲೂ ಅವಸರ ಸಲ್ಲದು. +1 ಅಮೆರಿಕದ್ದಷ್ಟೇ ಅಲ್ಲ. ಕೆನಡಾ, ಜಮೈಕಾ ಮತ್ತು ಹಲವು ಕೆರಿಬಿಯನ್ ದ್ವೀಪಗಳೂ ಅದರಲ್ಲಿವೆ. 416 ಟೊರಾಂಟೊದ್ದು, 876 ಜಮೈಕಾದ್ದು. ಹಾಗೆಯೇ +7 ಕೋಡನ್ನು ರಷ್ಯಾ ಮತ್ತು ಕಝಾಕಿಸ್ತಾನ ಹಂಚಿಕೊಂಡಿವೆ.

ಇಷ್ಟೆಲ್ಲ ಸರಿಹೋದರೂ ತಿಳಿಯುವುದು ನಂಬರ್ ಎಲ್ಲಿಯದು ಎಂಬುದಷ್ಟೇ. ಮನುಷ್ಯ ಎಲ್ಲಿದ್ದಾನೆ, ಯಾವ ದೇಶದ ಪ್ರಜೆ, ಯಾವ ಭಾಷೆ ಆಡುತ್ತಾನೆ ಎಂಬುದು ತಿಳಿಯುವುದಿಲ್ಲ. +971 ಇರುವ ದುಬೈ ಸಿಮ್ಮಿನವರು ರಜೆಗೆ ಬಂದು ಮಂಗಳೂರಿನಿಂದಲೇ ಮಾತನಾಡುತ್ತಿರಬಹುದು. ಇಂಟರ್ನೆಟ್ ಕರೆಯ ನಂಬರನ್ನು ಬೇರೆ ದೇಶದಲ್ಲಿ ಕುಳಿತೇ ಬಳಸಬಹುದು. ಪರದೆಯಲ್ಲಿ ಕಾಣುವ ನಂಬರನ್ನೇ ನಕಲಿ ಮಾಡುವವರೂ ಇದ್ದಾರೆ. ಹಾಗಾಗಿ ಪರಿಚಿತ ಕೋಡ್ ಕಂಡಿತೆಂದು ಗುರುತಿನ ಪರಿಶೀಲನೆ ಬಿಡುವಂತಿಲ್ಲ. ಅಪರಿಚಿತ ಕೋಡ್ ಕಂಡಿತೆಂದು ವಂಚಕರೆಂದು ತೀರ್ಮಾನಿಸುವಂತೆಯೂ ಇಲ್ಲ.

ಸಿಬ್ಬಂದಿಗೆ ಕೊಡುವ ಸೂಚನೆ ಹೀಗಿದ್ದರೆ ಸಾಕು: + ಇದೆಯೇ ನೋಡಿ, ಅಂಕಿ ಎಣಿಸಿ, ಆಮೇಲೆ ಕೋಡ್ ಓದಿ. + ಇಲ್ಲದಿದ್ದರೆ ದೇಶವನ್ನು ಊಹಿಸಿ ತುಂಬಬೇಡಿ, ಇಮೇಲ್ ಅಥವಾ ಚಾಟ್‌ನಲ್ಲಿ ಎರಡು ಪ್ರಶ್ನೆ ಕೇಳಿ: "ಇದು ಯಾವ ದೇಶದ ನಂಬರ್? ಈಗ ನೀವು ಇರುವ ಕಡೆ ಯಾವ ಹೊತ್ತಿಗೆ ಕರೆ ಮಾಡಿದರೆ ಅನುಕೂಲ?" ಎರಡು ಉತ್ತರಗಳನ್ನೂ ಬೇರೆ ಬೇರೆ ಕಾಲಂಗಳಲ್ಲಿ ಬರೆದಿಡಿ.