ಪ್ರಾಣಾಯಾಮ: ಉಸಿರಿನ ಲೆಕ್ಕ

ಸಂಧ್ಯಾವಂದನೆಗೆ ಕುಳಿತವರು ಮೂಗಿನ ತುದಿಯನ್ನು ಬೆರಳುಗಳಿಂದ ಮುಟ್ಟಿ ಮರುಕ್ಷಣದಲ್ಲಿಯೇ ಬಿಟ್ಟುಬಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಕರ್ಮಕ್ಕೆ ವಿಧಿಸಿರುವುದು ಅಷ್ಟು ಸುಲಭವಾದುದಲ್ಲ. ಉಸಿರನ್ನು ಬಿಗಿಹಿಡಿದು, ವ್ಯಾಹೃತಿಗಳೊಡನೆ ಗಾಯತ್ರಿಯನ್ನೂ ಅದರ ಶಿರಸ್ಸನ್ನೂ ಮನಸ್ಸಿನಲ್ಲಿ ಮೂರಾವರ್ತಿ ಜಪಿಸಬೇಕೆಂಬುದು ಶಾಸ್ತ್ರ. ಗಡಿಯಾರವಿಲ್ಲದ ಕಾಲದಲ್ಲಿ ಮಂತ್ರವೇ ಗಡಿಯಾರವಾಗಿತ್ತು. ಮೊಣಕಾಲಿನ ಸುತ್ತ ಕೈಯಾಡಿಸಿ ಚಿಟಿಕೆ ಹಾಕುವಷ್ಟು ಕಾಲವನ್ನು ಒಂದು ಮಾತ್ರೆಯೆಂದು ಎಣಿಸುವ ಪದ್ಧತಿಯೂ ಗ್ರಂಥಗಳಲ್ಲಿ ಉಂಟು. ಹೇಗೆ ಅಳೆದರೂ ಪ್ರಾಣಾಯಾಮವೆಂಬುದು ಮೊದಲಿನಿಂದಲೂ ಲೆಕ್ಕದ ವಿದ್ಯೆ. ಆ ಲೆಕ್ಕವನ್ನು ಬಿಟ್ಟು ಬಲವನ್ನು ಮಾತ್ರ ಹಿಡಿದವರಿಗೆ ಅಪಾಯವುಂಟಾಗುತ್ತದೆ. ಅದು ಏಕೆಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಉಸಿರನ್ನು ಒಳಕ್ಕೆ ತುಂಬುವುದು ಪೂರಕ, ನಿಲ್ಲಿಸುವುದು ಕುಂಭಕ, ಹೊರಕ್ಕೆ ಬಿಡುವುದು ರೇಚಕ. ಪತಂಜಲಿಯು ಈ ವಿಷಯವನ್ನು ಕೆಲವೇ ಸೂತ್ರಗಳಲ್ಲಿ ಮುಗಿಸಿ, ಆಸನವು ಸ್ಥಿರವಾದ ಮೇಲೆಯೇ ಇದಕ್ಕೆ ಅಧಿಕಾರವೆಂದು ಹೇಳುತ್ತಾನೆ. ವಿವರಗಳಿಗೆ ನಾವು ಹಠಯೋಗದ ಗ್ರಂಥಗಳನ್ನು ನೋಡಬೇಕು. ಸ್ವಾತ್ಮಾರಾಮನ ‘ಹಠಯೋಗಪ್ರದೀಪಿಕೆ’ಯ ಎರಡನೆಯ ಉಪದೇಶದಲ್ಲಿ ಎಂಟು ಬಗೆಯ ಕುಂಭಕಗಳು ಹೇಳಲ್ಪಟ್ಟಿವೆ. ಬಲದ ಮೂಗಿನಿಂದ ಸೆಳೆದು ಎಡದಿಂದ ಬಿಡುವ ಸೂರ್ಯಭೇದನವು ದೇಹಕ್ಕೆ ಉಷ್ಣವನ್ನು ಕೊಡುವುದೆಂದು ನಂಬಿಕೆ. ನಾಲಗೆಯನ್ನು ಕೊಳವೆಯಂತೆ ಸುರುಳಿಮಾಡಿ ಅದರ ಮೂಲಕ ಗಾಳಿಯನ್ನೆಳೆಯುವ ಶೀತಲಿ, ಹಲ್ಲುಗಳ ಸಂದಿಯಿಂದ ‘ಸೀ’ ಎಂದು ಎಳೆಯುವ ಸೀತ್ಕಾರಿ, ಇವೆರಡೂ ತಂಪಿಗಾಗಿ. ಗಂಟಲನ್ನು ಸ್ವಲ್ಪ ಬಿಗಿಮಾಡಿ ಮೃದುವಾದ ಸದ್ದಿನೊಡನೆ ಉಸಿರಾಡುವ ಉಜ್ಜಾಯಿಯು ಕಫವನ್ನು ಕಳೆಯುವುದೆನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಅದರ ಮುಖ್ಯ ಗುಣ ಬೇರೆ. ಗಂಟಲೇ ಕವಾಟವಾಗಿ ನಿಂತು ಉಸಿರು ಒಮ್ಮೆಲೇ ಹರಿದುಹೋಗದಂತೆ ತಡೆಯುತ್ತದೆ. ಆ ಸದ್ದನ್ನು ಕೇಳುತ್ತ ಸಾಧಕನು ತನ್ನ ಉಸಿರಿನ ಏರುಪೇರನ್ನು ತಾನೇ ತಿಳಿದುಕೊಳ್ಳಬಹುದು. ದುಂಬಿಯಂತೆ ಝೇಂಕರಿಸುತ್ತ ರೇಚಿಸುವ ಭ್ರಾಮರಿಯು ಮನಸ್ಸನ್ನು ಶಾಂತಗೊಳಿಸಲೆಂದು ಇರುವುದು. ಕಮ್ಮಾರನ ತಿದಿಯಂತೆ ಉಸಿರನ್ನು ಬಡಿಯುವ ಭಸ್ತ್ರಿಕೆಯು ಜಡತೆಯನ್ನು ಕಳೆದು ಅಗ್ನಿಯನ್ನು ಹೆಚ್ಚಿಸಲೆಂದು. ಉಳಿದ ಮೂರ್ಛಾ, ಪ್ಲಾವಿನಿ ಎಂಬೆರಡರ ಗೊಡವೆ ಗೃಹಸ್ಥರಿಗೆ ಬೇಡ. ಈಗ ಎಲ್ಲೆಲ್ಲಿಯೂ ಪ್ರಸಿದ್ಧವಾಗಿರುವ ಕಪಾಲಭಾತಿಯನ್ನು ಆ ಗ್ರಂಥವು ಪ್ರಾಣಾಯಾಮಗಳಲ್ಲಿ ಸೇರಿಸಿಲ್ಲ. ಧೌತಿ, ನೇತಿ ಮೊದಲಾದ ಶುದ್ಧಿಕ್ರಿಯೆಗಳ ಸಾಲಿನಲ್ಲಿ ಅದಕ್ಕೆ ಸ್ಥಾನ.

ಇವುಗಳಿಂದ ಶರೀರಕ್ಕೆ ಹೆಚ್ಚು ಆಮ್ಲಜನಕ ದೊರೆಯುತ್ತದೆಂದು ಬಹುಮಂದಿ ಹೇಳುವುದುಂಟು. ಈ ಮಾತು ನಿಲ್ಲುವುದಿಲ್ಲ. ಆರೋಗ್ಯವಂತನು ಸುಮ್ಮನೆ ಕುಳಿತಿರುವಾಗಲೇ ಅವನ ರಕ್ತನಾಳಗಳ ಕೆಂಪುರಕ್ತವು ತಾನು ಹೊರಬಲ್ಲ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 97 ಪಾಲನ್ನು ಹೊತ್ತಿರುತ್ತದೆ. ತುಂಬಿದ ಕೊಡಕ್ಕೆ ಎಷ್ಟು ನೀರು ಸುರಿದರೇನು? ಹೆಚ್ಚು ಉಸಿರಾಡಿದಾಗ ನಿಜವಾಗಿ ಬದಲಾಗುವುದು ಹೊರಕ್ಕೆ ಹೋಗುವ ವಾಯು, ಎಂದರೆ ಇಂಗಾಲಾಮ್ಲವಾಯು. ಉಸಿರಾಟದ ವೇಗವನ್ನು ಬಹುಮಟ್ಟಿಗೆ ಆಳುವುದು ರಕ್ತದಲ್ಲಿರುವ ಈ ವಾಯುವಿನ ಪ್ರಮಾಣವೇ ಎಂದು ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ಪಂಡಿತರು 1905ರಲ್ಲಿ ತೋರಿಸಿದರು. ಉಸಿರು ಕಟ್ಟಿದಾಗ ‘ಇನ್ನು ತಾಳಲಾರೆ’ ಎನಿಸುವುದು ಮುಖ್ಯವಾಗಿ ಈ ವಾಯುವು ಸಂಗ್ರಹವಾದುದರಿಂದ, ಆಮ್ಲಜನಕ ತೀರಿಹೋದುದರಿಂದಲ್ಲ. ಮುಂದೆ ಹೇಳುವುದೆಲ್ಲಕ್ಕೂ ಇದೇ ಬೀಗದ ಕೈ.

ಒಬ್ಬ ವಿದ್ಯಾರ್ಥಿಯು ಪುಸ್ತಕವನ್ನು ನೋಡಿಕೊಂಡು ಮೊದಲ ದಿನವೇ ಭಸ್ತ್ರಿಕೆಯನ್ನು ನೂರು ಬಾರಿ ರಭಸದಿಂದ ಮಾಡಿದನೆಂದು ಇಟ್ಟುಕೊಳ್ಳೋಣ. ಒಂದೆರಡು ನಿಮಿಷಗಳಲ್ಲಿ ಅವನ ರಕ್ತದಲ್ಲಿದ್ದ ಇಂಗಾಲಾಮ್ಲವಾಯು ಬಹಳವಾಗಿ ಕಡಮೆಯಾಗುತ್ತದೆ. ಆಗ ಮೆದುಳಿನ ರಕ್ತನಾಳಗಳು ಕುಗ್ಗಿ ಅಲ್ಲಿಗೆ ಹರಿಯುವ ರಕ್ತವೂ ಇಳಿಯುತ್ತದೆ. ತಲೆ ಹಗುರವಾಗುತ್ತದೆ, ತುಟಿ ಮತ್ತು ಬೆರಳ ತುದಿಗಳು ಜುಮ್ಮೆನ್ನುತ್ತವೆ, ಕಣ್ಣ ಮುಂದೆ ಮಿಣುಕು ಕಾಣುತ್ತದೆ. ಹೆಚ್ಚಾದರೆ ಕೈಬೆರಳುಗಳು ಸೆಟೆದುಕೊಳ್ಳುತ್ತವೆ. ಅವನು ಇದನ್ನು ಕುಂಡಲಿನಿಯ ಚಲನೆಯೆಂದು ಭಾವಿಸಿದರೆ ಮರುದಿನ ಇನ್ನೂರು ಬಾರಿ ಮಾಡುತ್ತಾನೆ! ಇನ್ನೂ ಕೆಟ್ಟದ್ದು ಇದರ ಮುಂದಿದೆ. ಹಾಗೆ ಬಡಿದೊಡನೆ ಅವನು ದೀರ್ಘವಾಗಿ ಕುಂಭಕ ಹಿಡಿದರೆ, ಎಚ್ಚರಿಕೆ ಕೊಡಬೇಕಾದ ವಾಯುವು ಮೊದಲೇ ಹೊರಟುಹೋಗಿರುವುದರಿಂದ ಉಸಿರಿಗಾಗಿ ತವಕವೇ ಹುಟ್ಟುವುದಿಲ್ಲ. ಆಮ್ಲಜನಕವು ಮಾತ್ರ ಒಳಗೊಳಗೇ ವ್ಯಯವಾಗುತ್ತಿರುತ್ತದೆ. ಕಾವಲುಗಾರನನ್ನು ಹೊರಗಟ್ಟಿ ಮನೆಯಲ್ಲಿ ಮಲಗಿದಂತೆ ಅವನ ಸ್ಥಿತಿ. ನೀರಿನಲ್ಲಿ ಮುಳುಗುವ ಮುನ್ನ ಹೀಗೆ ಉಸಿರು ಬಡಿದುಕೊಂಡ ಈಜುಗಾರರು ನೀರೊಳಗೇ ಮೂರ್ಛೆಹೋಗಿ ಸತ್ತುದುಂಟು. ಕೆರೆ ಬಾವಿಗಳ ಬಳಿ ಭಸ್ತ್ರಿಕೆಯನ್ನು ಯಾರೂ ಮಾಡಕೂಡದು. ಕಪಾಲಭಾತಿಯನ್ನು ಅತಿ ರಭಸದಿಂದ ಮಾಡಿದ ಮಹಿಳೆಯೊಬ್ಬಳ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ಸೇರಿಕೊಂಡ ಸಂಗತಿಯು 2004ರಲ್ಲಿ ವೈದ್ಯಪತ್ರಿಕೆಯಲ್ಲಿ ವರದಿಯಾಗಿದೆ. ಇಂಥದು ಅಪರೂಪ; ಆದರೆ ರಭಸವೆಂಬುದು ನಿರಪಾಯವಲ್ಲವೆಂದು ತಿಳಿಯಲು ಸಾಕು.

ರಭಸವಿಲ್ಲದ ಪ್ರಾಣಾಯಾಮದಲ್ಲಿ ತೊಡಕು ಬೇರೆ ರೀತಿಯದು. ನಾಡೀಶೋಧನವನ್ನೇ ತೆಗೆದುಕೊಳ್ಳೋಣ. ತೋರುಬೆರಳು ನಡುಬೆರಳುಗಳನ್ನು ಅಂಗೈಗೆ ಮಡಿಸಿ, ಬಲದ ಹೊಳ್ಳೆಯನ್ನು ಹೆಬ್ಬೆರಳಿನಿಂದಲೂ ಎಡದ್ದನ್ನು ಉಂಗುರಬೆರಳು ಕಿರುಬೆರಳುಗಳಿಂದಲೂ ಮುಚ್ಚುವುದು ರೂಢಿ. ಎಡದಿಂದ ಪೂರಕ, ಬಲದಿಂದ ರೇಚಕ. ಮತ್ತೆ ಬಲದಿಂದ ಪೂರಕ, ಎಡದಿಂದ ರೇಚಕ. ಇಲ್ಲಿಗೆ ಒಂದು ಆವರ್ತ. ಪೂರಕ, ಕುಂಭಕ, ರೇಚಕಗಳಿಗೆ 1, 4, 2 ಎಂಬ ಪ್ರಮಾಣವು ಪ್ರಸಿದ್ಧವಾಗಿದೆ. ಪೂರಕಕ್ಕೆ 4 ಸೆಕೆಂಡು ಇಟ್ಟರೆ ಕುಂಭಕಕ್ಕೆ 16, ರೇಚಕಕ್ಕೆ 8. ಹದಿನಾರು ಸೆಕೆಂಡು ಉಸಿರು ಹಿಡಿಯುವುದೇನು ಮಹಾ, ಹುಡುಗರೂ ಹಿಡಿಯುತ್ತಾರೆ ಎನಿಸಬಹುದು. ಒಮ್ಮೆ ಹಿಡಿಯುವುದು ಸುಲಭವೇ. ಹತ್ತು ಆವರ್ತ ನಡೆಸುವುದು ಸುಲಭವಲ್ಲ. ಅದರ ಕಾರಣವನ್ನು ಲೆಕ್ಕಹಾಕಿಯೇ ನೋಡಬಹುದು.

ಸುಮ್ಮನೆ ಕುಳಿತವನು ನಿಮಿಷಕ್ಕೆ ಸುಮಾರು 12 ಬಾರಿ, ಪ್ರತಿ ಬಾರಿಗೆ ಅರ್ಧ ಲೀಟರಿನಷ್ಟು ಗಾಳಿಯನ್ನು ಎಳೆದುಕೊಳ್ಳುತ್ತಾನೆ. ಅದರಲ್ಲಿ 150 ಮಿಲಿಲೀಟರಿನಷ್ಟು ಮೂಗು, ಗಂಟಲು, ಶ್ವಾಸನಾಳಗಳಲ್ಲಿಯೇ ಉಳಿದು ವ್ಯರ್ಥವಾಗುತ್ತದೆ. ರಕ್ತದ ಸಂಪರ್ಕಕ್ಕೆ ಬರುವುದು 350. ಹನ್ನೆರಡರಿಂದ ಗುಣಿಸಿದರೆ ನಿಮಿಷಕ್ಕೆ 4.2 ಲೀಟರು, ಇದು ದೇಹದ ನಿತ್ಯದ ಬೇಡಿಕೆ. ಈಗ ಮೇಲಿನ ಪ್ರಮಾಣದಲ್ಲಿ ಒಂದು ಉಸಿರಿಗೆ 28 ಸೆಕೆಂಡು ಹಿಡಿಯುವುದರಿಂದ ನಿಮಿಷಕ್ಕೆ ಎರಡು ಉಸಿರು ಮಾತ್ರ ಸಿಕ್ಕುತ್ತವೆ. ಬೇಡಿಕೆಯು ಹಾಗೆಯೇ ಇರುವುದರಿಂದ ಪ್ರತಿ ಉಸಿರಿನಲ್ಲಿಯೂ ಎರಡು ಲೀಟರಿಗಿಂತ ಹೆಚ್ಚು ಗಾಳಿ ಒಳಗೆ ಬರಬೇಕಾಯಿತು. ಎಂದಿನ ಉಸಿರಿನ ನಾಲ್ಕು ಪಟ್ಟಿಗೂ ಮಿಕ್ಕಿದ ಗಾಳಿಯನ್ನು ಒಂದೇ ಮೂಗಿನ ಹೊಳ್ಳೆಯಿಂದ ನಾಲ್ಕು ಸೆಕೆಂಡಿನಲ್ಲಿ ಎಳೆದು, ಎಂಟು ಸೆಕೆಂಡಿನಲ್ಲಿ ಸಮವಾಗಿ ಬಿಡಬೇಕು. ಪಳಗದ ಎದೆಗೆ ಇದು ಆಗದ ಕೆಲಸ. ಆದುದರಿಂದ ಆವರ್ತದಿಂದಾವರ್ತಕ್ಕೆ ಇಂಗಾಲಾಮ್ಲವಾಯುವಿನ ಸಾಲ ಬೆಳೆಯುತ್ತದೆ. ನಾಲ್ಕನೆಯದಕ್ಕೋ ಐದನೆಯದಕ್ಕೋ ಸಾಧಕನು ಬಾಯಿಬಿಟ್ಟು ಗಾಳಿಯನ್ನು ನುಂಗುತ್ತಾನೆ. ಎದೆಯ ಸ್ನಾಯುಗಳು ಹಿಗ್ಗಲು ಕಲಿಯುವುದಕ್ಕೂ, ಸ್ವಲ್ಪ ಹೆಚ್ಚಿದ ಇಂಗಾಲಾಮ್ಲವಾಯುವನ್ನು ಕಳವಳವಿಲ್ಲದೆ ತಾಳಲು ಮೆದುಳಿನ ಉಸಿರಾಟದ ಕೇಂದ್ರವು ಒಗ್ಗಿಕೊಳ್ಳುವುದಕ್ಕೂ ತಿಂಗಳುಗಳು ಬೇಕು. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಮೆಲ್ಲಮೆಲ್ಲನೆ ಎಂದು ಪ್ರದೀಪಿಕೆಯು ಹೋಲಿಕೆ ಕೊಟ್ಟಿರುವುದರ ಹಿಂದೆ ಇಂಥ ಅನುಭವವೇ ಇದ್ದಿರಬೇಕು.

ಹಾಗಾದರೆ ಕ್ರಮವೇನು? ಮೊದಲ ಕೆಲವು ವಾರಗಳಲ್ಲಿ ಕುಂಭಕವೇ ಬೇಡ. ನಾಲ್ಕು ಸೆಕೆಂಡು ಪೂರಕ, ನಾಲ್ಕು ರೇಚಕ, ಹತ್ತು ಆವರ್ತ. ಮೂರು ನಿಮಿಷವೂ ಹಿಡಿಯದು. ಅದು ಸಲೀಸಾದ ಮೇಲೆ ರೇಚಕವನ್ನು ಮಾತ್ರ ಆರಕ್ಕೆ ಬೆಳೆಸಬೇಕು. ಆಗ ನಿಮಿಷಕ್ಕೆ ಆರು ಉಸಿರಾಗುತ್ತದೆ. ಈ ಮಂದಗತಿಯಲ್ಲಿ ರಕ್ತದೊತ್ತಡವನ್ನು ಸರಿದೂಗಿಸುವ ನರಗಳ ಚುರುಕುತನವು ಹೆಚ್ಚುವುದೆಂದು 2001ರಲ್ಲಿ ಇಟಲಿಯ ವೈದ್ಯರು, ಮಂತ್ರಜಪವನ್ನೂ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಪರೀಕ್ಷಿಸಿ, ಪ್ರಕಟಿಸಿದ್ದಾರೆ. ಎರಡರಲ್ಲಿಯೂ ಉಸಿರು ತಾನಾಗಿಯೇ ಆರಕ್ಕೆ ಇಳಿಯುತ್ತಿತ್ತಂತೆ. ಪ್ರಾಣಾಯಾಮದ ಶಾಂತಿಗುಣದಲ್ಲಿ ಬಹುಭಾಗವು ಇಲ್ಲಿಯೇ, ಕುಂಭಕದ ಹೊಸ್ತಿಲು ದಾಟುವ ಮೊದಲೇ ದೊರೆತುಬಿಡುತ್ತದೆಂದು ನನ್ನ ಅಭಿಪ್ರಾಯ. ಮುಂದಕ್ಕೆ ಹೋಗಬೇಕೆಂಬವರು ರೇಚಕವನ್ನು ಎಂಟಕ್ಕೆ ಒಯ್ದು, ಅನಂತರ 4, 4, 8 ಎಂದು ಸಣ್ಣ ಕುಂಭಕವನ್ನು ಸೇರಿಸಿಕೊಳ್ಳಬಹುದು. ಈ ಹಂತದಲ್ಲಿ ಒಂದು ಉಸಿರಿಗೆ ಬೇಕಾದುದು ಒಂದೂ ಕಾಲು ಲೀಟರು. ಸಾಮಾನ್ಯ ದೇಹಕ್ಕೆ ಅಸಾಧ್ಯವೇನೂ ಅಲ್ಲ. ಅಲ್ಲಿಂದಾಚೆಗೆ ಎಂಟು, ಹನ್ನೆರಡು, ಹದಿನಾರು ಎಂದು ಏರುವುದು ಗುರುವಿನ ಕಣ್ಣ ಮುಂದೆಯೇ ಆಗಬೇಕು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆಯನ್ನು ನಡೆಸಿದ ಶ್ರೀ ಟಿ. ಕೃಷ್ಣಮಾಚಾರ್ಯರಂಥವರ ಶಿಷ್ಯಪರಂಪರೆಗಳು ಈಗಲೂ ಇರುವುದರಿಂದ, ನಮ್ಮವರಿಗೆ ಗುರುಗಳ ಅಭಾವವಿಲ್ಲ.

ಏರಬಹುದೋ ಬಾರದೋ ಎಂಬುದನ್ನು ತಿಳಿಸುವವನು ಗಡಿಯಾರವಲ್ಲ, ಮುಂದಿನ ಉಸಿರು. ರೇಚಕವು ಕೊನೆಯಲ್ಲಿ ನೂಲಿನಂತೆ ಸಣ್ಣಗಾಗಿ ಮುಗಿದು, ಮುಂದಿನ ಪೂರಕವು ಅವಸರವಿಲ್ಲದೆ ಆರಂಭವಾದರೆ ಪ್ರಮಾಣವು ಸರಿಯಾಗಿದೆ. ರೇಚಕವು ಮೊದಲಿಗೇ ದಬದಬನೆ ಹರಿದುಹೋದರೆ ಅಥವಾ ಪೂರಕವು ನುಗ್ಗಿಬಂದರೆ ಕುಂಭಕವು ಅತಿಯಾಯಿತೆಂದು ತಿಳಿದು ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ಕುಂಭಕದಲ್ಲಿ ಮುಖ ಕೆಂಪೇರುವುದು, ಕಿವಿಯಲ್ಲಿ ನಾಡಿ ಬಡಿಯುವುದು, ಗಂಟಲು ಸೆಳೆಯುವುದು ಕಂಡರೆ ಅಂದಿಗೆ ನಿಲ್ಲಿಸಿಬಿಡುವುದೇ ಲೇಸು. ಗಂಟಲನ್ನು ಮುಚ್ಚಿ ತಿಣುಕಿದಾಗ ಎದೆಯೊಳಗಿನ ಒತ್ತಡವು ಏರಿ, ಹೃದಯಕ್ಕೆ ಹಿಂದಿರುಗುವ ರಕ್ತವು ತಡೆದು, ರಕ್ತದೊತ್ತಡವು ಏರಿಳಿಯುತ್ತದೆ. ಆರೋಗ್ಯವಂತನು ಅದನ್ನು ತಾಳಿಕೊಳ್ಳಬಲ್ಲ. ರಕ್ತದೊತ್ತಡ, ಹೃದ್ರೋಗ, ಕಣ್ಣೊಳಗಿನ ಒತ್ತಡದ ರೋಗ, ಅಂಡವಾಯು, ಮೂರ್ಛೆರೋಗ ಇವು ಇರುವವರೂ ಗರ್ಭಿಣಿಯರೂ ಕುಂಭಕವನ್ನೂ ಭಸ್ತ್ರಿಕೆಯನ್ನೂ ಬಿಟ್ಟು, ವೈದ್ಯರನ್ನು ಕೇಳಿ, ನಾಲ್ಕಕ್ಕೆ ನಾಲ್ಕರ ಸರಳ ಉಸಿರಾಟದಲ್ಲಿಯೇ ನಿಲ್ಲತಕ್ಕದ್ದು.

ನೆಗಡಿಯಾಗಿ ಒಂದು ಹೊಳ್ಳೆ ಕಟ್ಟಿಕೊಂಡಿರುವ ದಿನ ಏನು ಮಾಡಬೇಕೆಂದು ಕೆಲವರು ಕೇಳುವುದುಂಟು. ನೆಗಡಿಯಿಲ್ಲದಿದ್ದರೂ ನಮ್ಮ ಹೊಳ್ಳೆಗಳು ಕೆಲವು ಗಂಟೆಗಳಿಗೊಮ್ಮೆ ಸರದಿಯ ಮೇಲೆ ಸ್ವಲ್ಪ ಮುಚ್ಚಿ ತೆರೆಯುತ್ತಿರುತ್ತವೆ. ಅಲ್ಪಸ್ವಲ್ಪ ಬಿಗಿಯಿದ್ದರೆ ಪೂರಕದ ಕಾಲವನ್ನು ಒಂದು ಸೆಕೆಂಡು ಹೆಚ್ಚಿಸಿಕೊಳ್ಳಬಹುದು. ಪೂರ್ತಿ ಕಟ್ಟಿದ್ದರೆ ಬಲವಂತದಿಂದ ಎಳೆಯದೆ, ಬೆರಳುಗಳನ್ನು ಕೆಳಗಿಳಿಸಿ, ಎರಡು ಹೊಳ್ಳೆಗಳಿಂದಲೂ ಉಜ್ಜಾಯಿಯನ್ನು ಹತ್ತು ಬಾರಿ ಮಾಡಿ ಎದ್ದುಬಿಟ್ಟರೆ ಆ ದಿನದ ಅಭ್ಯಾಸಕ್ಕೆ ಲೋಪವಿಲ್ಲ.